ಒಪ್ಪದ ಕೆಲಸಕ್ಕೆ ಒಪ್ಪವಾದ ಉತ್ತರ

ಬೆಂಗಳೂರಿನ ಅನುವಾದಕಿಯೊಬ್ಬರ ಪರಿಣತಿ ಕ್ರಯಪತ್ರ, ಕರಾರುಗಳಲ್ಲಿ ಎಂದಿಟ್ಟುಕೊಳ್ಳೋಣ. ಹೊಸ ಔಷಧದ ಪ್ರಯೋಗಕ್ಕೆ ಒಳಗಾಗುವವರು ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಏಜೆನ್ಸಿಯೊಂದು ಅವರಿಗೆ ಕಳಿಸುತ್ತದೆ. ನೋಡಲು ಕರಾರಿನಂತೆಯೇ ಇದೆ. ಆದರೆ ಒಳಗಿರುವುದು ಔಷಧದ ಪ್ರಮಾಣ, ಅಡ್ಡಪರಿಣಾಮ, ಪ್ರಯೋಗದಿಂದ ಹೊರಬರುವ ಹಕ್ಕು. ಓದುವ ರೋಗಿಗೆ ಅದು ಸುಲಭವಾಗಿ ಅರ್ಥವಾಗಬೇಕೆಂಬುದು ಭಾರತದ 2019ರ ನಿಯಮ.

ಬರ್ಲಿನ್ನಿನ ಆಸ್ಪತ್ರೆಯೊಂದರಲ್ಲಿ 2006–07ರಲ್ಲಿ ಕೃತಕ ಮಂಡಿಯ ಇಂಗ್ಲಿಷ್ ಲೇಬಲ್ಲನ್ನು ತಪ್ಪಾಗಿ ಅರ್ಥಮಾಡಿಕೊಂಡು, ಸಿಮೆಂಟ್ ಹಾಕಿ ಕೂರಿಸಬೇಕಾದದ್ದನ್ನು ಸಿಮೆಂಟಿಲ್ಲದೆ ಕೂರಿಸಿದರು. ತೊಂದರೆಗೆ ಸಿಕ್ಕಿದವರು 47 ರೋಗಿಗಳು.

ಹಾಗಾಗಿ ಅನುವಾದಕಿ ಅಂದೇ ಉತ್ತರಿಸುತ್ತಾರೆ. ತಡವಾದಷ್ಟೂ ಏಜೆನ್ಸಿಗೆ ಬೇರೆಯವರನ್ನು ಹುಡುಕುವ ಸಮಯ ಕಡಿಮೆ. ನಿರಾಕರಣೆ ಮೊದಲ ಸಾಲಿನಲ್ಲೇ ಇರುತ್ತದೆ:

“ನನ್ನನ್ನು ನೆನೆಸಿಕೊಂಡದ್ದಕ್ಕೆ ಧನ್ಯವಾದ. ಈ ಕೆಲಸವನ್ನು ನಾನು ಒಪ್ಪಿಕೊಳ್ಳಲಾರೆ. ನಾನು ಮಾಡುವುದು ಕಾನೂನು ಪತ್ರಗಳು. ಔಷಧ ಪ್ರಯೋಗದ ಬರವಣಿಗೆಯಲ್ಲಿ ಅನುಭವವಿಲ್ಲ. ವೈದ್ಯಕೀಯ ಅನುವಾದವನ್ನೇ ಮಾಡುವ ಸಹೋದ್ಯೋಗಿಯೊಬ್ಬರಿದ್ದಾರೆ. ಅವರನ್ನು ಕೇಳಿಯೇ ಅವರ ಫೋನ್ ನಂಬರ್ ಕೊಡುತ್ತಿದ್ದೇನೆ. ದರ, ಗಡುವನ್ನು ನೇರವಾಗಿ ಮಾತಾಡಿಕೊಳ್ಳಿ. ನೀವು ಕಳಿಸಿದ ಕಡತವನ್ನು ಅಳಿಸಿದ್ದೇನೆ.”

ಇಲ್ಲಿ ಸುಲಭವಾಗಿ ತಪ್ಪುವ ಜಾಗ ಶಿಫಾರಸು. ಸಹಾಯ ಮಾಡುವ ಆತುರದಲ್ಲಿ ಕೆಲವರು ಕಡತವನ್ನೇ ಸಹೋದ್ಯೋಗಿಗೆ ರವಾನಿಸಿಬಿಡುತ್ತಾರೆ. ಅದು ಗೋಪ್ಯ ದಾಖಲೆ, ಹಂಚುವ ಅಧಿಕಾರ ಏಜೆನ್ಸಿಯದು. ಸಹೋದ್ಯೋಗಿಗೆ ತಿಳಿಸಬೇಕಾದ್ದು ವಿಷಯ, ಭಾಷೆ, ಗಡುವು ಮಾತ್ರ. “ಸಮಯವಿಲ್ಲ” ಎಂಬ ನೆಪವೂ ಒಳ್ಳೆಯದಲ್ಲ: ಮುಂದಿನ ತಿಂಗಳು ಅಂಥದ್ದೇ ಕಾಗದ ಮತ್ತೆ ಬರುತ್ತದೆ. ನಿಜವಾದ ಕಾರಣ ಹೇಳಿದರೆ ಏಜೆನ್ಸಿ ತನ್ನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ “ಕಾನೂನು” ಎಂದು ಬರೆದುಕೊಳ್ಳುತ್ತದೆ, ಬಾಡಿಗೆ ಕರಾರು ಬಂದಾಗ ಅವರಿಗೇ ಕರೆ ಮಾಡುತ್ತದೆ.