ನಾಮಿನಿ ಇಲ್ಲದ ಖಾತೆ, ಮರೆತುಹೋದ ಅಜ್ಜಿ

ಒಂದು ಹಿಂದೂ ಕುಟುಂಬದ ಉದಾಹರಣೆ ನೋಡೋಣ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ವಾಣಿಜ್ಯ ಬ್ಯಾಂಕಿನ ಅವರ ಖಾತೆಯಲ್ಲಿ 6 ಲಕ್ಷ ರೂಪಾಯಿ ಇದೆ, ನಾಮಿನಿ ಇಲ್ಲ. ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಮಗಳು ಮತ್ತು ತೀರಿಕೊಂಡವರ ವೃದ್ಧ ತಾಯಿ.

ಮರಣ ಪ್ರಮಾಣಪತ್ರ ಹಿಡಿದು ಮಕ್ಕಳು ನಾಡಕಚೇರಿಗೆ ಹೋಗಿ ವಾರಸುದಾರರ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತಾರೆ. ಎಡವಟ್ಟಾಗುವುದು ಇಲ್ಲೇ. ಮಗಳು ಬೇರೆ ಮನೆಯವಳಾದಳೆಂದು, ಅಜ್ಜಿಗೆ ವಯಸ್ಸಾಯಿತೆಂದು ಅವರ ಹೆಸರು ಬಿಟ್ಟುಬಿಡುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಐವರಿಗೂ ಸಮಪಾಲು: ತಲಾ 1.2 ಲಕ್ಷ. ಬಿಟ್ಟುಹೋದವರು ತಕರಾರು ಎತ್ತಿದರೆ ಹಣ ಅಲ್ಲೇ ನಿಲ್ಲುತ್ತದೆ.

ಮೊತ್ತ ದೊಡ್ಡದಲ್ಲದಿದ್ದರೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಬೇಕಿಲ್ಲ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದಂತೆ, ವಿವಾದವಿಲ್ಲದಿದ್ದಲ್ಲಿ, ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ವಿಧಾನವಿದೆ. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ಚೀಟಿ, ವಾರಸುದಾರರ ಪ್ರಮಾಣಪತ್ರ ಮತ್ತು ಮುಂದೆ ನಷ್ಟವಾದರೆ ತುಂಬಿಕೊಡುವೆವೆಂಬ ಮುಚ್ಚಳಿಕೆ ಸಾಕು. ತಾಯಿಯೊಬ್ಬರೇ ಹಣ ಪಡೆಯುವುದಾದರೆ ಉಳಿದ ನಾಲ್ವರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು.

ಎಲ್ಲ ದಾಖಲೆ ಸೇರಿದ ಮೇಲೆ 15 ದಿನಗಳೊಳಗೆ ಬ್ಯಾಂಕು ಹಣ ಕೊಡಬೇಕು. ತನ್ನಿಂದ ತಡವಾದರೆ ಬಡ್ಡಿಯನ್ನೂ ಸೇರಿಸಿ ಕೊಡಬೇಕು.