ಲಘು-ಗುರು ನೋಡಿ ಕೂರುವ ಪ್ರತ್ಯಯ

ನಿಕರಾಗುವಾ ದೇಶದ ಕೆರಿಬಿಯನ್ ಕರಾವಳಿಯಲ್ಲಿ ಕರವಾಲಾ ಎಂಬ ಊರಿದೆ. ಅಲ್ಲಿನ ಮೂಲನಿವಾಸಿಗಳ ಭಾಷೆ ಉಲ್ವಾ. ಅದನ್ನು ಆಡುವವರು ಕೆಲವು ನೂರು ಮಂದಿ ಮಾತ್ರ. ಉಲ್ವಾದಲ್ಲಿ ನಾಯಿಗೆ ‘ಸೂಲು’ ಎನ್ನುತ್ತಾರೆ. ‘ಅವನ ನಾಯಿ’ ಎನ್ನಬೇಕಾದರೆ ‘ಸೂಕಲು’. ‘ನನ್ನ ನಾಯಿ’ ಸೂಕಿಲು, ‘ನಿನ್ನ ನಾಯಿ’ ಸೂಮಲು. ‘ಕ’, ‘ಕಿ’, ‘ಮ’ ಎಂಬ ಪ್ರತ್ಯಯಗಳು ನಾಯಿಯ ಹೆಸರನ್ನು ಸೀಳಿಕೊಂಡು ಒಳಗೆ ಕೂತಿವೆ.

ಕನ್ನಡದ ಕಿವಿಗೆ ಇದು ವಿಚಿತ್ರವೆನಿಸುತ್ತದೆ. ನಮ್ಮಲ್ಲಿ ವಿಭಕ್ತಿ, ಬಹುವಚನ, ಕಾಲಸೂಚಕ ಎಲ್ಲವೂ ಪದದ ಬಾಲಕ್ಕೇ ಅಂಟುತ್ತವೆ. ‘ಮರ’ ಎಂಬ ಪದವನ್ನು ಒಡೆದು ನಡುವೆ ‘ಗಳು’ ತುರುಕುವುದನ್ನು ಯಾರೂ ಊಹಿಸಲಾರರು. ಹೀಗೆ ಪದದ ಒಳಹೊಕ್ಕು ಕೂರುವ ಪ್ರತ್ಯಯವನ್ನು ಭಾಷಾವಿಜ್ಞಾನಿಗಳು ಅಂತಃಪ್ರತ್ಯಯ ಎನ್ನುತ್ತಾರೆ. ಅದು ಕಂಡಕಂಡಲ್ಲಿ ಕೂರುವುದಿಲ್ಲ. ಎಲ್ಲಿ ಕೂರಬೇಕೆಂಬ ನಿಯಮ ಏನೆಂಬುದೇ ಇಲ್ಲಿನ ಸ್ವಾರಸ್ಯ.

1980ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯ ಭಾಷಾವಿಜ್ಞಾನಿ ಕೆನ್ ಹೇಲ್ ಕರವಾಲಾದ ಉಲ್ವಾ ಭಾಷಿಕರೊಂದಿಗೆ ಸೇರಿ ಆ ಭಾಷೆಯ ನಿಘಂಟಿಗೆ ಕೆಲಸ ಮಾಡಿದರು. ಆಗ ಕಲೆಹಾಕಿದ ಪದಗಳಲ್ಲಿ ಕೆಲವನ್ನು ನಾವೇ ಒರೆಗೆ ಹಚ್ಚಿ ನೋಡೋಣ. ಎಲ್ಲಕ್ಕೂ ‘ಅವನ’ ಎಂಬ ಅರ್ಥದ ‘ಕ’ ಸೇರಿಸಬೇಕು. ಕೂದಲು ‘ಬಸ್’, ಅದು ‘ಬಸ್ಕ’ ಆಗುತ್ತದೆ. ಜಿಂಕೆ ‘ಸನ’, ಅದು ‘ಸನಕ’. ಇವೆರಡನ್ನೇ ನೋಡಿದರೆ ‘ಕ’ ಕನ್ನಡದ ಪ್ರತ್ಯಯದಂತೆ ಕೊನೆಗೆ ಬರುವಂಥದ್ದು ಎನ್ನಬೇಕು. ಆದರೆ ಬಟ್ಟೆ ‘ಅಸ್ನ’, ಅದು ‘ಅಸ್ಕನ’ ಆಗುತ್ತದೆ. ಚಾಕು ‘ಕುಹ್ಬಿಲ್’, ಅದು ‘ಕುಹ್ಕಬಿಲ್’. ಕೊನೆಗೆ ಬರುತ್ತದೆ ಎಂಬ ಊಹೆ ಇಲ್ಲಿಗೇ ಬಿತ್ತು.

ಹಾಗಾದರೆ ಮೊದಲ ಉಚ್ಚಾರಾಂಶದ ನಂತರ ಕೂರುತ್ತದೆಯೇ? ಸೂಲು, ಅಸ್ನ, ಕುಹ್ಬಿಲ್‌ಗಳಿಗೆ ಈ ಲೆಕ್ಕ ಸರಿ. ಸನಕ್ಕೆ ಸರಿಯಾಗದು, ಅದು ‘ಸಕನ’ ಆಗಬೇಕಿತ್ತು, ಆಗುವುದಿಲ್ಲ. ಬೇರು ಎಂಬರ್ಥದ ‘ಸಿವನಕ್’ ಕೂಡ ‘ಸಿವಕನಕ್’ ಆಗುತ್ತದೆ, ಅಂದರೆ ಅಲ್ಲಿ ಎರಡು ಉಚ್ಚಾರಾಂಶ ದಾಟಿ ಕೂತಿದೆ. ಕೊನೆಯ ಉಚ್ಚಾರಾಂಶದ ಹಿಂದೆ ಎಂದು ಹೇಳೋಣವೆಂದರೆ ಗಲ್ಲ ಎಂಬರ್ಥದ ‘ಅನಾಲಾಕ’ ಅಡ್ಡ ಬರುತ್ತದೆ. ಅದು ‘ಅನಾಕಲಾಕ’, ‘ಕ’ದ ಮುಂದೆ ಇನ್ನೂ ಎರಡು ಉಚ್ಚಾರಾಂಶಗಳಿವೆ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಲಘು-ಗುರು ಗೊತ್ತು. ಹ್ರಸ್ವಾಕ್ಷರ ಲಘು. ದೀರ್ಘವಿದ್ದರೆ, ಮುಂದೆ ಒತ್ತಕ್ಷರವಿದ್ದರೆ, ಇಲ್ಲವೇ ವ್ಯಂಜನ ಸೇರಿ ಮುಚ್ಚಿಕೊಂಡಿದ್ದರೆ ಗುರು. ಉಲ್ವಾ ಪದಗಳಿಗೂ ಹಾಗೆಯೇ ಪ್ರಸ್ತಾರ ಹಾಕಿ. ‘ಸೂಲು’ವಿನ ಮೊದಲಕ್ಷರ ಗುರು. ಅಸ್ನ, ಕುಹ್ಬಿಲ್, ಬಸ್ ಮೂರರಲ್ಲೂ ಮೊದಲನೆಯದು ಗುರು. ಅಲ್ಲೆಲ್ಲ ‘ಕ’ ಆ ಗುರುವಿನ ಬೆನ್ನಿಗೇ ಕೂತಿದೆ. ಸನ, ಸಿವನಕ್, ಅನಾಲಾಕ ಇವುಗಳ ಮೊದಲಕ್ಷರ ಲಘು. ಅಲ್ಲೆಲ್ಲ ‘ಕ’ ಎರಡನೆಯದನ್ನೂ ದಾಟಿ ಕೂತಿದೆ. ಮೊದಲನೆಯದು ಗುರುವಾದರೆ ಅಷ್ಟೇ ಸಾಕು, ಲಘುವಾದರೆ ಪಕ್ಕದ್ದನ್ನೂ ಸೇರಿಸಿಕೊಳ್ಳಬೇಕು. ನಿಯಮ ಇಷ್ಟೇ.

ಮಾತ್ರೆ ಎಣಿಸಿದರೂ ಆಗುತ್ತಿತ್ತಲ್ಲ, ಎರಡು ಮಾತ್ರೆಯ ನಂತರ ಎಂದರೆ ಸಾಲದೇ ಎಂದು ಕೇಳಬಹುದು. ‘ಸೂ’ ಎರಡು ಮಾತ್ರೆ, ‘ಸನ’ವೂ ಎರಡು ಮಾತ್ರೆ. ಈ ಪ್ರಶ್ನೆಗೆ ಮಂಡಿ ಎಂಬರ್ಥದ ‘ಕರಸ್ಮಕ್’ ಉತ್ತರ ಕೊಡುತ್ತದೆ. ಅದು ‘ಕರಸ್ಕಮಕ್’ ಆಗುತ್ತದೆ. ‘ಕ’ ಲಘು, ‘ರಸ್’ ಗುರು. ಒಟ್ಟು ಮೂರು ಮಾತ್ರೆ. ಎರಡೇ ಮಾತ್ರೆಗೆ ಕತ್ತರಿಸಿದರೆ ‘ರಸ್’ ಎಂಬ ಉಚ್ಚಾರಾಂಶ ತುಂಡಾಗುತ್ತದೆ, ಅದಕ್ಕೆ ಉಲ್ವಾ ಒಪ್ಪುವುದಿಲ್ಲ. ಅದು ಅಳೆಯುವುದು ಗಣವನ್ನು: ಒಂದು ಗುರು, ಅಥವಾ ಲಘುವಿನಿಂದ ಶುರುವಾಗುವ ಎರಡು ಉಚ್ಚಾರಾಂಶಗಳ ಜೋಡಿ. ಉಲ್ವಾ ಭಾಷಿಕರು ಪದವನ್ನು ಉಚ್ಚರಿಸುವಾಗ ದನಿ ಏರುವುದೂ ಇದೇ ಗಣದ ಕೊನೆಯ ಉಚ್ಚಾರಾಂಶದ ಮೇಲೆ. ಹಾಗಾಗಿ ಈ ಗಣ ಪಂಡಿತರು ಕಾಗದದ ಮೇಲೆ ಕಟ್ಟಿಕೊಂಡದ್ದಲ್ಲ; ಪ್ರತ್ಯಯ ಬರಲಿ ಬಾರದಿರಲಿ, ಅದು ಆ ಮಾತಿನ ಲಯದಲ್ಲೇ ಇದೆ. ‘ಬಸ್ಕ’, ‘ಸನಕ’ಗಳಲ್ಲಿ ಪದವೇ ಒಂದು ಗಣದಷ್ಟಿದೆ, ಅದಕ್ಕೇ ‘ಕ’ ಕೊನೆಯಲ್ಲಿ ಬಂದಂತೆ ಕಾಣುತ್ತದೆ.

ಪ್ರತ್ಯಯಗಳು ಹೀಗೆ ಮಾತ್ರೆ, ಉಚ್ಚಾರಾಂಶ, ಗಣಗಳನ್ನು ಅಳೆದು ನಡೆಯುತ್ತವೆ ಎಂಬುದನ್ನು ಒಂದು ಸಿದ್ಧಾಂತವಾಗಿ ಕಟ್ಟಿದವರು ಜಾನ್ ಮೆಕಾರ್ಥಿ ಮತ್ತು ಅಲನ್ ಪ್ರಿನ್ಸ್. 1986ರ ಅವರ ಹಸ್ತಪ್ರತಿ ಅಚ್ಚಾಗುವ ಮೊದಲೇ ವಿದ್ವಾಂಸರ ಕೈಯಿಂದ ಕೈಗೆ ಹರಿದಾಡಿತು. ಉಲ್ವಾ ಆ ವಾದಕ್ಕೆ ಒಳ್ಳೆಯ ಸಾಕ್ಷಿಯಾಗಿ ಒದಗಿತು.

ಎಲ್ಲ ಭಾಷೆಗಳೂ ಗಣವನ್ನೇ ಹಿಡಿಯುವುದಿಲ್ಲ. ಫಿಲಿಪ್ಪೀನ್ಸಿನ ಟಗಾಲೊಗ್ ಭಾಷೆ ಪದದ ಮೊದಲ ಸ್ವರವನ್ನು ಹುಡುಕುತ್ತದೆ. ‘ಬರೆ’ ಎಂಬರ್ಥದ ‘ಸುಲತ್’ಗೆ ‘ಉಮ್’ ಸೇರಿದರೆ ‘ಸುಮುಲತ್’, ಅಂದರೆ ಬರೆದ. ‘ಉಮ್ಸುಲತ್’ ಎಂದಿದ್ದರೆ ‘ಉಮ್’ ಎಂಬ ಮುಚ್ಚಿದ ಉಚ್ಚಾರಾಂಶ ಬೇಡದೆ ಹುಟ್ಟುತ್ತಿತ್ತು. ‘ಸು-ಮು-ಲತ್’ನಲ್ಲಿ ಆ ತೊಡಕಿಲ್ಲ. ಆದರೆ ಇಂಗ್ಲಿಷಿನಿಂದ ಬಂದ ‘ಗ್ರಾಜುಯೇಟ್’ನಂಥ ಪದ ಎದುರಾದಾಗ ನಿಯಮ ತಡವರಿಸುತ್ತದೆ. ಆ ‘ಗ್ರ’ವನ್ನು ಒಡೆದು ‘ಗುಮ್ರ’ ಎನ್ನುವುದೂ ಉಂಟು, ಒಡೆಯದೆ ‘ಗ್ರುಮ’ ಎನ್ನುವುದೂ ಉಂಟು. ಎರವಲು ಪದಗಳು ಬಂದಾಗಲೇ ಜನ ಯಾವ ನಿಯಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಂದು ಬಯಲಾಗುವುದು.

ಸಂಸ್ಕೃತದಲ್ಲೂ ಇಂಥದ್ದಿದೆ. ‘ಭಿದ್’ ಧಾತು ‘ಭಿನತ್ತಿ’ ಆಗುವಾಗ ಒಂದು ‘ನ’ ಧಾತುವಿನ ಒಳಗೆ ಸೇರುತ್ತದೆ. ಅದನ್ನು ಎಲ್ಲಿ ಇಡಬೇಕೆಂದು ಪಾಣಿನಿ ಹೇಳುವುದು ಅಕ್ಷರ ಎಣಿಸಿ ಅಲ್ಲ. ಮಕಾರದ ಗುರುತು ಹೊತ್ತು ಬಂದದ್ದು ಕೊನೆಯ ಸ್ವರದ ನಂತರ ಕೂರಬೇಕು ಎಂದು ಒಂದು ಸಾಮಾನ್ಯ ಸೂತ್ರವನ್ನೇ ಮಾಡಿಟ್ಟಿದ್ದಾನೆ.

ಕನ್ನಡದಲ್ಲಿ ಅಂತಃಪ್ರತ್ಯಯವಿಲ್ಲ. ಆದರೆ ಪದದ ಲಯವನ್ನು ನೋಡಿ ನಡೆಯುವ ಒಂದು ಪ್ರಯೋಗ ದಿನವೂ ನಮ್ಮ ಬಾಯಲ್ಲಿದೆ: ಮರ-ಗಿರ, ಪುಸ್ತಕ-ಗಿಸ್ತಕ, ಹಾಲು-ಗೀಲು, ಊಟ-ಗೀಟ. ಮೊದಲ ಸ್ವರದವರೆಗಿನ ಭಾಗ ಕಳಚಿ ‘ಗಿ’ ಬರುತ್ತದೆ. ಮೂಲದಲ್ಲಿ ದೀರ್ಘವಿದ್ದರೆ ‘ಗೀ’. ಸ್ವರದ ಬಣ್ಣ ಹೋದರೂ ಅದರ ಮಾತ್ರೆ ಉಳಿಯುತ್ತದೆ. ಎರವಲು ಬಂದ ‘ಸ್ಕೂಲು’ ‘ಸ್ಕೂಲು-ಗೀಲು’ ಆಗುತ್ತದೆ, ‘ಪ್ರೀತಿ’ ‘ಪ್ರೀತಿ-ಗೀತಿ’. ಮೊದಲಲ್ಲಿ ಎಷ್ಟೇ ವ್ಯಂಜನಗಳಿರಲಿ, ಒಟ್ಟಿಗೇ ಬಿದ್ದುಹೋಗುತ್ತವೆ. ಟಗಾಲೊಗ್ ಭಾಷಿಕರಿಗೆ ‘ಗ್ರ’ದಲ್ಲಿ ಹುಟ್ಟುವ ಗೊಂದಲ ನಮಗೆ ಇಲ್ಲಿಲ್ಲ. ನಮ್ಮ ನಿಯಮ ಎಡವುವುದು ಬೇರೆಡೆ: ‘ಗಿಡ’, ‘ಗಿಣಿ’, ‘ಗೀತೆ’ಯಂಥ ಪದಗಳಲ್ಲಿ. ಅಲ್ಲಿ ನಿಯಮ ಪಾಲಿಸಿದರೆ ‘ಗಿಡ-ಗಿಡ’ ಆಗುತ್ತದೆ, ‘ಗಿಡ ಮೊದಲಾದವು’ ಎಂಬ ಅರ್ಥವೇ ಹೊರಡುವುದಿಲ್ಲ.