ಫೋಟೋದ ಕೈಗೆ ಮದರಂಗಿ

ಮದರಂಗಿ ಹಚ್ಚುವ ಮೊದಲೇ ಅದು ಮದುಮಗಳ ಕೈಯಲ್ಲಿ ಹೇಗೆ ಕಾಣುತ್ತದೆಂದು ಫೋಟೋಶಾಪ್‌ನಲ್ಲಿ ತೋರಿಸಬಹುದು. ಬಿಳಿ ಹಿನ್ನೆಲೆ ತೆಗೆದ ವಿನ್ಯಾಸವನ್ನು ಕೈಯ ಫೋಟೋದ ಮೇಲೆ ಬೇರೆ ಪದರವಾಗಿ ಇಟ್ಟು Multiply ಆರಿಸಿದರೆ, ಚರ್ಮದ ಗೆರೆ, ರೋಮಗಳು ಬಣ್ಣದಡಿಯಿಂದ ಕಾಣತೊಡಗುತ್ತವೆ.

ಆದರೂ ಚಿತ್ರ ಅಂಟಿಸಿದ ಕಾಗದದಂತೆ ಚಪ್ಪಟೆಯಾಗಿಯೇ ಇರುತ್ತದೆ. ತೋಳು ಉರುಳೆಯಂಥದ್ದು; ನಡುವಿನ ಹೂವು ಪೂರ್ತಿ ಕಂಡರೆ, ಅಂಚಿನ ಹೂವು ಕಿರಿದಾಗಿ ಆಚೆಗೆ ತಿರುಗಿ ಮರೆಯಾಗಬೇಕು. Warp ಬಲೆಯಿಂದ ಎರಡೂ ಅಂಚುಗಳನ್ನು ಒಳಕ್ಕೆ ಒತ್ತಿ, ಅಡ್ಡಪಟ್ಟಿಗಳನ್ನು ಬಳೆಯಂತೆ ಬಾಗಿಸುವುದು ಇದಕ್ಕೇ. ಫೋಟೋದಲ್ಲಿ ನಿಜವಾದ ಬಳೆಯಿದ್ದರೆ ಅದರ ಬಾಗೇ ಅತ್ಯುತ್ತಮ ಅಳತೆಗೋಲು. ಹೆಚ್ಚಿನವರು ಎಡವುವುದು ಈ ಹಂತದಲ್ಲೇ.

ಬಣ್ಣ ಅಚ್ಚ ಕಪ್ಪಾಗಿರಬಾರದು. ಮದರಂಗಿ ಮೊದಲು ಕಿತ್ತಳೆಯಾಗಿದ್ದು, ಒಂದೆರಡು ದಿನಗಳಲ್ಲಿ ಕೆಂಗಂದಾಗುತ್ತದೆ. ದಪ್ಪ ಚರ್ಮದ ಅಂಗೈಯಲ್ಲಿ ಗಾಢವಾಗಿ, ತೋಳಿನಲ್ಲಿ ತಿಳಿಯಾಗಿ ಕೂರುತ್ತದೆ. ಕಪ್ಪು ಮೈಬಣ್ಣದ ಮೇಲೆ ತಿಳಿ ಕಂದು Multiplyಯಲ್ಲಿ ಕರಗಿಹೋಗುವುದರಿಂದ ಅಲ್ಲಿ ಇನ್ನೂ ಗಾಢವಾದ ಕೆಂಗಂದು ಬೇಕು.

ಕೊನೆಗೆ ಬೆಳಕು. ಒಣಗಿದ ಮದರಂಗಿಯನ್ನು ಉದುರಿಸಿದ ಮೇಲೆ ಉಳಿಯುವುದು ಚರ್ಮದೊಳಗಿನ ಬಣ್ಣ. ಚರ್ಮದ ಹೊಳಪು ಅದರ ಮೇಲೂ ಮಿನುಗುತ್ತದೆ. Multiply ಆ ಹೊಳಪನ್ನು ಮಂಕಾಗಿಸುತ್ತದೆ. Blend If ಭಾಗದ Underlying Layer ಪಟ್ಟಿಯಲ್ಲಿ, Alt ಒತ್ತಿ ಬಿಳಿ ಗುಂಡಿಯನ್ನು ಸೀಳಿ ಎಡಕ್ಕೆ ಸರಿಸಿದರೆ ಹೊಳಪು ಮರಳುತ್ತದೆ. ಮೂಳೆಯುಬ್ಬಿನ ಮೇಲಿನ ಗೆರೆ ನೆರಳಿನ ಗೆರೆಯಷ್ಟೇ ಕಪ್ಪಾಗಿ ಕಂಡರೆ, ಗುಂಡಿಯನ್ನು ಇನ್ನಷ್ಟು ಸರಿಸಬೇಕು.